ಎಫ್‌ಡಿ ಬಡ್ಡಿಯಲ್ಲಿ ತೆರಿಗೆ ಕಳೆದು ಕೈಗೆಷ್ಟು? ಪಿಪಿಎಫ್ ಜೊತೆ ಹೋಲಿಸಿ ನೋಡುವ ಲೆಕ್ಕ

ಬ್ಯಾಂಕಿನ ಬೋರ್ಡಿನ ಮೇಲೆ 6.5% ಎಂದಿರುತ್ತದೆ. ಪಿಪಿಎಫ್‌ಗೆ 7.1%. ವ್ಯತ್ಯಾಸ ಬರೀ ಅರ್ಧ ಪರ್ಸೆಂಟು, ಅದಕ್ಕಾಗಿ ಹದಿನೈದು ವರ್ಷ ದುಡ್ಡು ಯಾಕೆ ಕಟ್ಟಿಹಾಕಬೇಕು ಎಂದು ಹಲವರು ಎಫ್‌ಡಿಯಲ್ಲೇ ಉಳಿಯುತ್ತಾರೆ. ಆದರೆ ಈ ಎರಡು ಅಂಕಿಗಳು ಒಂದೇ ಜಾತಿಯವಲ್ಲ. ಮೊದಲನೆಯದು ತೆರಿಗೆ ಕಟ್ಟುವ ಮುಂಚಿನದು, ಎರಡನೆಯದು ಪೂರ್ತಿ ನಿಮ್ಮದೇ. ಒಬ್ಬರಿಗೆ ಈ ವ್ಯತ್ಯಾಸ ಎರಡೂವರೆ ಪರ್ಸೆಂಟು ಆಗಬಹುದು, ಇನ್ನೊಬ್ಬರಿಗೆ ಏನೂ ಇಲ್ಲದೆಯೂ ಹೋಗಬಹುದು. ಅದನ್ನು ತೀರ್ಮಾನಿಸುವುದು ಅವರವರ ತೆರಿಗೆ ದರ.

ಇಲ್ಲಿನ ತೆರಿಗೆ ಲೆಕ್ಕವೆಲ್ಲ 2025-26ರ ಆರ್ಥಿಕ ವರ್ಷದ ಹೊಸ ಪದ್ಧತಿಯದ್ದು. ಎಫ್‌ಡಿಯ 6.5% ಉದಾಹರಣೆಗೆ ತೆಗೆದುಕೊಂಡ ದರ. ನಿಮ್ಮ ಬ್ಯಾಂಕಿನ ದರವನ್ನು ಅಲ್ಲಿ ಹಾಕಿಕೊಳ್ಳಿ. ಪಿಪಿಎಫ್‌ನ 7.1% ಮಾತ್ರ 2020ರ ಏಪ್ರಿಲ್‌ನಲ್ಲಿ ನಿಗದಿಯಾದ ನಿಜವಾದ ದರ.

ಹಂತ 1: ಬೋರ್ಡಿನ ದರವನ್ನು ವರ್ಷದ ದರಕ್ಕೆ ತನ್ನಿ

ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಎಫ್‌ಡಿಗೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕುತ್ತವೆ. 6.5% ಎಂದರೆ ಪ್ರತಿ ಮೂರು ತಿಂಗಳಿಗೆ 1.625%, ಅದೂ ಹಿಂದಿನ ಬಡ್ಡಿಯನ್ನು ಸೇರಿಸಿಕೊಂಡ ಮೊತ್ತದ ಮೇಲೆ. ವರ್ಷದ ಕೊನೆಗೆ 100 ರೂಪಾಯಿ 106.66 ಆಗುತ್ತದೆ. ಹಾಗಾಗಿ ವರ್ಷದ ನಿಜವಾದ ದರ 6.66%.

ಪಿಪಿಎಫ್‌ನಲ್ಲಿ ಬಡ್ಡಿಯನ್ನು ತಿಂಗಳಿಗೊಮ್ಮೆ ಲೆಕ್ಕ ಹಾಕಿದರೂ ಖಾತೆಗೆ ಸೇರಿಸುವುದು ಮಾರ್ಚ್ 31ಕ್ಕೆ, ವರ್ಷಕ್ಕೊಂದೇ ಸಲ. ಅದರ 7.1% ಈಗಾಗಲೇ ವರ್ಷದ ದರವೇ, ಏನೂ ಬದಲಿಸಬೇಕಿಲ್ಲ.

ಇಲ್ಲೊಂದು ಕಡೆ ಜನ ಎಡವುತ್ತಾರೆ. ಕೆಲವು ದರಪಟ್ಟಿಗಳಲ್ಲಿ ಬಡ್ಡಿ ದರದ ಪಕ್ಕ ‘ಇಳುವರಿ’ ಎಂದು ಇನ್ನೊಂದು ಕಾಲಮ್ ಇರುತ್ತದೆ. 6.5%ರಲ್ಲಿ ಐದು ವರ್ಷಕ್ಕೆ ಒಂದು ಲಕ್ಷ ಇಟ್ಟರೆ 1,38,042 ರೂಪಾಯಿ ಬರುತ್ತದೆ. ಆ 38,042ನ್ನು ಸುಮ್ಮನೆ ಐದರಿಂದ ಭಾಗಿಸಿ 7.61% ಎಂದು ಬರೆದರೆ ಪಿಪಿಎಫ್‌ಗಿಂತ ಎಫ್‌ಡಿಯೇ ಮೇಲು ಅನ್ನಿಸಿಬಿಡುತ್ತದೆ. ಚಕ್ರಬಡ್ಡಿಯಲ್ಲಿ ಬೆಳೆದದ್ದನ್ನು ಸರಳ ಬಡ್ಡಿಯಂತೆ ಹಂಚಿದ ಲೆಕ್ಕ ಅದು. ಅವಧಿ ಉದ್ದವಾದಷ್ಟೂ ಈ ಅಂಕಿ ತಾನಾಗಿಯೇ ಹಿಗ್ಗುತ್ತದೆ. ಪತ್ತೆ ಮಾಡುವುದು ಸುಲಭ: ಮೂರು ವರ್ಷಕ್ಕೂ ಐದು ವರ್ಷಕ್ಕೂ ಬಡ್ಡಿ ದರ ಒಂದೇ ಇದ್ದು ಇಳುವರಿ ಮಾತ್ರ ಬೇರೆ ಬೇರೆ ಇದ್ದರೆ, ಆ ಕಾಲಮ್ಮನ್ನು ಮರೆತುಬಿಡಿ.

ಹಂತ 2: ಕೊನೆಯ ರೂಪಾಯಿಯ ಮೇಲಿನ ತೆರಿಗೆ ದರ ಹುಡುಕಿ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ. ‘ನಾನು ಒಟ್ಟು ಆದಾಯದ ಮೇಲೆ ಸರಾಸರಿ 9% ತೆರಿಗೆ ಕಟ್ಟುತ್ತೇನೆ’ ಎಂದುಕೊಂಡು ಎಫ್‌ಡಿ ಬಡ್ಡಿಯಿಂದ 9% ಕಳೆಯುವವರಿದ್ದಾರೆ. ಹಾಗಲ್ಲ. ಸಂಬಳ ಹೇಗೂ ಬರುತ್ತದೆ, ಅದರ ತೆರಿಗೆ ಹೇಗೂ ಕಟ್ಟುತ್ತೀರಿ. ಎಫ್‌ಡಿ ಬಡ್ಡಿ ಅದರ ತಲೆಯ ಮೇಲೆ ಕೂರುತ್ತದೆ. ಅದು ಕೂತ ಜಾಗದ ಸ್ಲ್ಯಾಬ್ ಯಾವುದೋ ಅದೇ ದರ.

ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಅಲ್ಲಿಂದ ಮುಂದೆ ಪ್ರತಿ 4 ಲಕ್ಷಕ್ಕೆ ಒಂದೊಂದು ಮೆಟ್ಟಿಲು: 8 ಲಕ್ಷದವರೆಗೆ 5%, 12ರವರೆಗೆ 10%, 16ರವರೆಗೆ 15%, 20ರವರೆಗೆ 20%, 24ರವರೆಗೆ 25%, ಅದರಾಚೆ 30%. ತೆರಿಗೆಯ ಮೇಲೆ 4% ಸೆಸ್. ಆದ್ದರಿಂದ 20% ಎಂದರೆ 20.8%, 30% ಎಂದರೆ 31.2%. ಆದಾಯ 50 ಲಕ್ಷ ದಾಟಿದವರಿಗೆ ಸರ್‌ಚಾರ್ಜ್ ಬೇರೆ.

ನಿಮ್ಮ ಮೆಟ್ಟಿಲು ಹುಡುಕುವಾಗ ಸಂಬಳದಿಂದ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುವುದನ್ನು ಮರೆಯಬೇಡಿ. ಬಡ್ಡಿ ಎರಡು ಮೆಟ್ಟಿಲುಗಳಿಗೆ ಹರಡಿಕೊಂಡರೆ ಎರಡು ಭಾಗ ಮಾಡಿ, ಒಂದೊಂದಕ್ಕೂ ಅದರ ದರ ಹಾಕಿ.

ಒಂದು ಉದಾಹರಣೆ ಹಿಡಿದುಕೊಂಡು ಮುಂದೆ ಹೋಗೋಣ. ಬೆಂಗಳೂರಿನ ಉದ್ಯೋಗಿಯೊಬ್ಬರ ಸಂಬಳ 18 ಲಕ್ಷ. ಡಿಡಕ್ಷನ್ ಕಳೆದು 17.25 ಲಕ್ಷ. ಬ್ಯಾಂಕಿನಲ್ಲಿ 8 ಲಕ್ಷದ ಎಫ್‌ಡಿ ಇದೆ, ವರ್ಷಕ್ಕೆ 53,281 ರೂಪಾಯಿ ಬಡ್ಡಿ. ಇದನ್ನು ಸೇರಿಸಿದರೂ ಆದಾಯ 20 ಲಕ್ಷದ ಒಳಗೇ ಇದೆ, ಅಂದರೆ ಬಡ್ಡಿಯ ಪ್ರತಿ ರೂಪಾಯಿಗೂ 20.8%.

ಹಂತ 3: ಕಳೆಯಿರಿ, ಆಮೇಲೆ ತಿರುಗಿಸಿ ಕೇಳಿ

53,281ರ 20.8% ಎಂದರೆ 11,082 ರೂಪಾಯಿ ತೆರಿಗೆ. ಉಳಿದದ್ದು 42,199. ಎಂಟು ಲಕ್ಷಕ್ಕೆ ಇದು 5.27%. ಇವರ ಪಾಲಿಗೆ ಬೋರ್ಡಿನ 6.5% ಎಂದರೆ ನಿಜದಲ್ಲಿ ಇಷ್ಟೇ.

ಇನ್ನು ಪ್ರಶ್ನೆಯನ್ನು ತಿರುಗಿಸಿ: ಪಿಪಿಎಫ್‌ನ 7.1%ಕ್ಕೆ ಸಮವಾಗಲು ಬ್ಯಾಂಕು ಇವರಿಗೆ ಎಷ್ಟು ಕೊಡಬೇಕಿತ್ತು? 7.1ನ್ನು 0.792ರಿಂದ (ಅಂದರೆ ನೂರರಲ್ಲಿ 20.8 ಕಳೆದು ಉಳಿದ ಭಾಗದಿಂದ) ಭಾಗಿಸಿದರೆ 8.96%. ಅದು ವರ್ಷದ ದರ. ಬೋರ್ಡಿನ ಭಾಷೆಗೆ ಇಳಿಸಿದರೆ 8.68%. ಸ್ಪ್ರೆಡ್‌ಶೀಟಿನಲ್ಲಿ ಮೂರೇ ಸಾಲು:

```
=EFFECT(6.5%,4)
=EFFECT(6.5%,4)*(1-20.8%)
=NOMINAL(7.1%/(1-20.8%),4)
```

ಮೊದಲನೆಯದು ವರ್ಷದ ದರ, ಎರಡನೆಯದು ಕೈಗೆ ಬರುವ ದರ, ಮೂರನೆಯದು ಬ್ಯಾಂಕಿನ ಬೋರ್ಡಿನ ಮೇಲೆ ನೀವು ಹುಡುಕಬೇಕಾದ ದರ. ಬೇರೆ ಬೇರೆ ಮೆಟ್ಟಿಲಿನವರಿಗೆ ಇದು ಹೀಗಿರುತ್ತದೆ:

| ಬಡ್ಡಿಯ ಮೇಲಿನ ತೆರಿಗೆ (ಸೆಸ್ ಸೇರಿ) | 6.5% ಎಫ್‌ಡಿಯಲ್ಲಿ ಕೈಗೆ | ಪಿಪಿಎಫ್‌ಗೆ ಸಮವಾಗಲು ಬೋರ್ಡಿನ ದರ |
|---|---|---|
| 0 | 6.66% | 6.92% |
| 15.6% | 5.62% | 8.16% |
| 20.8% | 5.27% | 8.68% |
| 26% | 4.93% | 9.27% |
| 31.2% | 4.58% | 9.94% |

ಸೊನ್ನೆ ತೆರಿಗೆಯ ಸಾಲನ್ನು ಗಮನಿಸಿ. ಬ್ಯಾಂಕು 7% ಕೊಟ್ಟರೆ ಅವರಿಗೆ ವರ್ಷಕ್ಕೆ 7.19% ಸಿಗುತ್ತದೆ. ಪಿಪಿಎಫ್ ಅಲ್ಲಿ ಸೋಲುತ್ತದೆ.

ಕೆಳಗಿನ ಸಾಲುಗಳ ದರ ನೋಡಿ ಕೆಲವರ ಕಣ್ಣು ಊರಿನ ಪತ್ತಿನ ಸಂಘದ ಕಡೆ ಹೋಗುತ್ತದೆ. ಅಲ್ಲಿ ಹೆಚ್ಚಿನ ದರ ಸಿಗಬಹುದು. ಆದರೆ ಐದು ಲಕ್ಷದವರೆಗಿನ ಠೇವಣಿ ವಿಮೆ ಇರುವುದು ವಾಣಿಜ್ಯ ಬ್ಯಾಂಕು ಮತ್ತು ಸಹಕಾರಿ ಬ್ಯಾಂಕುಗಳಿಗೆ. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಅದು ಇಲ್ಲ. ಸರ್ಕಾರವೇ ಹೊಣೆ ಹೊತ್ತ ಪಿಪಿಎಫ್ ಪಕ್ಕ ಅದನ್ನು ಇಟ್ಟು ಬರೀ ಪರ್ಸೆಂಟು ಹೋಲಿಸುವುದು ಸರಿಯಲ್ಲ.

5%, 10% ಸಾಲುಗಳು ಎಲ್ಲಿ?

ಮೇಲಿನ ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದ್ದೇವೆ. ಭಾರತದ ನಿವಾಸಿಗೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಸೆಕ್ಷನ್ 87ಎ ರಿಬೇಟ್ ಸಿಕ್ಕಿ ತೆರಿಗೆ ಪೂರ್ತಿ ಮನ್ನಾ ಆಗುತ್ತದೆ. ಆದ್ದರಿಂದ ಎಫ್‌ಡಿ ಬಡ್ಡಿ ಸೇರಿಯೂ 12 ಲಕ್ಷದ ಒಳಗಿದ್ದರೆ ಅದರ ಮೇಲಿನ ತೆರಿಗೆ ಸೊನ್ನೆ. ‘ನಾನು 10% ಸ್ಲ್ಯಾಬಿನವನು’ ಎನ್ನುವವರು ಸಾಮಾನ್ಯವಾಗಿ ಸೊನ್ನೆಯವರೇ.

ಆದರೆ 12 ಲಕ್ಷದ ಗೆರೆ ದಾಟಿದ ಕೂಡಲೇ ಒಂದು ಗುಂಡಿ ಇದೆ. ರಿಬೇಟ್ ಹೋಗುತ್ತದೆ, ಬದಲಿಗೆ ಮಾರ್ಜಿನಲ್ ರಿಲೀಫ್ ಎಂಬ ನಿಯಮ ಬಂದು, 12 ಲಕ್ಷಕ್ಕಿಂತ ಎಷ್ಟು ಹೆಚ್ಚು ಗಳಿಸಿದ್ದೀರೋ ಅದಕ್ಕಿಂತ ಜಾಸ್ತಿ ತೆರಿಗೆ ಬೀಳದಂತೆ ತಡೆಯುತ್ತದೆ. ಕೇಳಲು ಕರುಣೆಯಂತಿದೆ. ಅರ್ಥ ಮಾತ್ರ ಇದು: ಗೆರೆ ದಾಟಿದ ಪ್ರತಿ ರೂಪಾಯಿಯೂ ತೆರಿಗೆಗೆ ಹೋಗುತ್ತದೆ, ಮೇಲೆ ನಾಲ್ಕು ಪೈಸೆ ಸೆಸ್. ಆದಾಯ ಸುಮಾರು 12,70,588 ರೂಪಾಯಿ ಮುಟ್ಟುವವರೆಗೆ ಇದೇ ಸ್ಥಿತಿ. ಅದಾದ ಮೇಲೆ ಮಾಮೂಲಿ 15.6%.

ಡಿಡಕ್ಷನ್ ಕಳೆದ ಸಂಬಳ 11.8 ಲಕ್ಷ, ಎಫ್‌ಡಿ ಬಡ್ಡಿ 50,000 ಇರುವವರನ್ನು ತೆಗೆದುಕೊಳ್ಳಿ. ಬಡ್ಡಿ ಇಲ್ಲದಿದ್ದರೆ ಅವರ ತೆರಿಗೆ ಸೊನ್ನೆ. ಬಡ್ಡಿ ಸೇರಿ ಆದಾಯ 12.3 ಲಕ್ಷ ಆಯಿತು. ಸ್ಲ್ಯಾಬ್ ಪ್ರಕಾರ ತೆರಿಗೆ 64,500 ಬರಬೇಕು; ಮಾರ್ಜಿನಲ್ ರಿಲೀಫ್ ಅದನ್ನು 30,000ಕ್ಕೆ ಇಳಿಸುತ್ತದೆ. ಸೆಸ್ ಸೇರಿ 31,200. ಐವತ್ತು ಸಾವಿರ ಬಡ್ಡಿಯಲ್ಲಿ ಕೈಯಲ್ಲಿ ಉಳಿದದ್ದು 18,800.

ಇವರು ಆ ಎಫ್‌ಡಿಯಿಂದ 1.5 ಲಕ್ಷ ತೆಗೆದು ಪಿಪಿಎಫ್‌ಗೆ ಹಾಕಿದರು ಎನ್ನಿ. ವರ್ಷಕ್ಕೆ 9,990 ರೂಪಾಯಿ ಎಫ್‌ಡಿ ಬಡ್ಡಿ ಕಡಿಮೆಯಾಗುತ್ತದೆ, ತೆರಿಗೆ 10,390 ರೂಪಾಯಿ ಕಡಿಮೆಯಾಗುತ್ತದೆ. ಅಂದರೆ ಆ ಒಂದೂವರೆ ಲಕ್ಷ ಎಫ್‌ಡಿಯಲ್ಲಿದ್ದಷ್ಟು ದಿನ ವರ್ಷಕ್ಕೆ 400 ರೂಪಾಯಿ ನಷ್ಟವನ್ನೇ ಮಾಡುತ್ತಿತ್ತು! ಪಿಪಿಎಫ್‌ನಲ್ಲಿ ಅದೇ ದುಡ್ಡು 10,650 ತರುತ್ತದೆ. 12 ಲಕ್ಷದ ಆಸುಪಾಸಿನವರು ಮಾರ್ಚ್‌ವರೆಗೆ ಕಾಯದೆ ಏಪ್ರಿಲ್‌ನಲ್ಲೇ ವರ್ಷದ ಬಡ್ಡಿಯನ್ನು ಅಂದಾಜು ಮಾಡಿಕೊಳ್ಳಬೇಕು. ಉಳಿತಾಯ ಖಾತೆಯ ಬಡ್ಡಿಯನ್ನೂ ಅದಕ್ಕೆ ಸೇರಿಸಿ.

ಹಂತ 4: ಟಿಡಿಎಸ್ ಅನ್ನು ತೆರಿಗೆ ಎಂದುಕೊಳ್ಳಬೇಡಿ

ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ರೂಪಾಯಿ (ಹಿರಿಯ ನಾಗರಿಕರಿಗೆ ಒಂದು ಲಕ್ಷ) ಮೀರಿದರೆ ಬ್ಯಾಂಕು 10% ಹಿಡಿದುಕೊಳ್ಳುತ್ತದೆ. ಪ್ಯಾನ್ ಕೊಡದಿದ್ದರೆ 20%. ನಮ್ಮ ಉದಾಹರಣೆಯ ಉದ್ಯೋಗಿಯ 53,281ರಲ್ಲಿ 5,328 ಹೀಗೆ ಹೋಗುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ತಪ್ಪು. ಕಟ್ಟಬೇಕಾದದ್ದು 11,082. ಬಾಕಿ 5,754 ರೂಪಾಯಿ ರಿಟರ್ನ್ ತುಂಬುವಾಗ ಎದುರು ನಿಲ್ಲುತ್ತದೆ. ಎಫ್‌ಡಿಯನ್ನು ಎರಡು ಬ್ಯಾಂಕಿಗೆ ಹಂಚಿ ಟಿಡಿಎಸ್ ತಪ್ಪಿಸಿಕೊಂಡರೂ ತೆರಿಗೆ ತಪ್ಪುವುದಿಲ್ಲ. ಬ್ಯಾಂಕುಗಳು ವರದಿ ಮಾಡಿದ ಬಡ್ಡಿ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಕಾಣುತ್ತದೆ. ವರ್ಷದ ಒಟ್ಟು ಬಾಕಿ 10,000 ಮುಟ್ಟಿದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು, ತಪ್ಪಿದರೆ ತಿಂಗಳಿಗೆ 1% ಬಡ್ಡಿ. ವ್ಯಾಪಾರ ಆದಾಯವಿಲ್ಲದ ಹಿರಿಯ ನಾಗರಿಕರಿಗೆ ಇದರಿಂದ ವಿನಾಯಿತಿ ಇದೆ.

ಐದು ವರ್ಷದ ಕ್ಯುಮುಲೇಟಿವ್ ಎಫ್‌ಡಿ ಇಟ್ಟವರು ‘ಬಡ್ಡಿ ಇನ್ನೂ ಕೈಗೇ ಬಂದಿಲ್ಲವಲ್ಲ’ ಎಂದು ಸುಮ್ಮನಿರುವುದುಂಟು. ಬ್ಯಾಂಕು ಪ್ರತಿ ವರ್ಷವೂ ಆ ಬಡ್ಡಿಯನ್ನು ವರದಿ ಮಾಡುತ್ತದೆ, ಟಿಡಿಎಸ್ ಹಿಡಿಯುತ್ತದೆ, ಅದೂ ಠೇವಣಿಯಲ್ಲಿ ಬೆಳೆಯುತ್ತಿರುವ ಮೊತ್ತದಿಂದಲೇ. ಹೀಗಾಗಿ ರಸೀತಿಯಲ್ಲಿ ಅಚ್ಚಾದ ಮುಕ್ತಾಯ ಮೊತ್ತಕ್ಕಿಂತ ಕಡಿಮೆ ಕೈಗೆ ಬರುತ್ತದೆ. ಅದು ಬ್ಯಾಂಕಿನ ತಪ್ಪಲ್ಲ. ವರ್ಷ ವರ್ಷದ ಬಡ್ಡಿಯನ್ನು ಆಯಾ ವರ್ಷವೇ ತೋರಿಸುವುದು ವಾಸಿ; ಐದು ವರ್ಷದ್ದನ್ನು ಒಟ್ಟಿಗೆ ತೋರಿಸಿದರೆ ಆ ಒಂದು ವರ್ಷ ಮೇಲಿನ ಮೆಟ್ಟಿಲಿಗೆ ಹಾರುವ ಅಪಾಯವಿದೆ.

ಹಂತ 5: ಪಿಪಿಎಫ್ ಕಡೆಯ ಲೆಕ್ಕವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಮಾಡಿ

7.1% ಪೂರ್ತಿ ಸಿಗಬೇಕಾದರೆ ದುಡ್ಡು ಏಪ್ರಿಲ್ 5ರೊಳಗೆ ಖಾತೆಗೆ ಬಿದ್ದಿರಬೇಕು. ಪ್ರತಿ ತಿಂಗಳ ಬಡ್ಡಿಯನ್ನು 5ನೇ ತಾರೀಖಿನ ನಂತರದಿಂದ ತಿಂಗಳ ಕೊನೆಯವರೆಗೆ ಇದ್ದ ಅತಿ ಕಡಿಮೆ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ. 6ನೇ ತಾರೀಖು 1.5 ಲಕ್ಷ ಹಾಕಿದರೆ ಆ ತಿಂಗಳ ಸುಮಾರು 887 ರೂಪಾಯಿ ಹೋಯಿತು. ಮಾರ್ಚ್ ಕೊನೆಯಲ್ಲಿ ಅವಸರವಾಗಿ ಹಾಕುವವರಿಗಂತೂ ಆ ದುಡ್ಡಿನ ಮೇಲೆ ಆ ವರ್ಷ ಒಂದು ಪೈಸೆಯೂ ಬರುವುದಿಲ್ಲ. ಚೆಕ್ ಕೊಡುವವರು ಅದು ಪಾಸಾಗುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ತಪ್ಪು 80ಸಿ ರಿಯಾಯಿತಿಯದು. ‘ಪಿಪಿಎಫ್‌ಗೆ ಹಾಕಿದರೆ ಮೊದಲೇ 30% ಉಳಿಯುತ್ತದೆ’ ಎಂಬ ಹಳೆಯ ಮಾತು ಹಳೆಯ ಪದ್ಧತಿಯಲ್ಲಿರುವವರಿಗೆ ಮಾತ್ರ ಸರಿ. ಹೊಸ ಪದ್ಧತಿಯಲ್ಲಿ ಆ ರಿಯಾಯಿತಿ ಇಲ್ಲ; ಆದರೆ ಪಿಪಿಎಫ್ ಬಡ್ಡಿಗೆ ತೆರಿಗೆ ಇಲ್ಲದಿರುವುದು ಎರಡೂ ಪದ್ಧತಿಯಲ್ಲಿ ಹಾಗೇ ಇದೆ. ಹಳೆಯ ಪದ್ಧತಿಯವರೂ 80ಸಿ ಲಾಭವನ್ನು ಪಿಪಿಎಫ್ ಪಕ್ಕಕ್ಕೆ ಮಾತ್ರ ಬರೆದುಕೊಳ್ಳಬಾರದು, ಐದು ವರ್ಷದ ತೆರಿಗೆ ಉಳಿತಾಯ ಎಫ್‌ಡಿಗೂ ಅದೇ ರಿಯಾಯಿತಿ ಇದೆ.

ಈಗ ಉದ್ದನೆಯ ಲೆಕ್ಕ. ನಮ್ಮ ಉದ್ಯೋಗಿ ಪ್ರತಿ ಏಪ್ರಿಲ್‌ನಲ್ಲಿ 1.5 ಲಕ್ಷ ಹಾಕುತ್ತಾ ಹದಿನೈದು ವರ್ಷ ಹೋದರೆ 7.1%ರಲ್ಲಿ ಸುಮಾರು 40.7 ಲಕ್ಷವಾಗುತ್ತದೆ. ಅದೇ ದುಡ್ಡು ತೆರಿಗೆ ಕಳೆದ 5.27%ರಲ್ಲಿ ಸುಮಾರು 34.8 ಲಕ್ಷ. ವ್ಯತ್ಯಾಸ 5.9 ಲಕ್ಷದ ಹತ್ತಿರ. ಎರಡೂ ದರ ಹದಿನೈದು ವರ್ಷ ಹೀಗೇ ಇರುತ್ತವೆ ಎಂದು ಇಟ್ಟುಕೊಂಡ ಲೆಕ್ಕ ಇದು, ಹಾಗೇ ಇರುವುದಿಲ್ಲ. ಪಿಪಿಎಫ್ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಬದಲಾದರೆ ಹಳೆಯ ಬಾಕಿಗೂ ಹೊಸ ದರವೇ. ಎಫ್‌ಡಿಯಲ್ಲಿ ಇಟ್ಟ ದಿನದ ದರ ಅವಧಿ ಮುಗಿಯುವ ತನಕ ಗಟ್ಟಿ.

ದುಡ್ಡು ಯಾವಾಗ ಬೇಕು ಎಂಬುದಕ್ಕೂ ಬೆಲೆ ಇದೆ. ಪಿಪಿಎಫ್‌ನಲ್ಲಿ ಏಳನೇ ಆರ್ಥಿಕ ವರ್ಷದಿಂದ ಭಾಗಶಃ ತೆಗೆಯಬಹುದು, ಅದಕ್ಕೂ ಮಿತಿ ಇದೆ. ಮೂರರಿಂದ ಆರನೇ ವರ್ಷದವರೆಗೆ ಸಾಲ ಸಿಗುತ್ತದೆ. ಎಫ್‌ಡಿಯನ್ನು ನಾಳೆಯೇ ಮುರಿಸಬಹುದು, ದುಡ್ಡು ಇದ್ದಷ್ಟು ಅವಧಿಯ ದರದಲ್ಲಿ ಸ್ವಲ್ಪ ಕಡಿತವಾಗುತ್ತದೆ ಅಷ್ಟೇ. ಮಗಳ ಕಾಲೇಜು ಫೀಸು ಮೂರು ವರ್ಷದಲ್ಲಿ ಬೇಕಿದ್ದರೆ ಹೊಸ ಪಿಪಿಎಫ್ ಖಾತೆಯ 7.1% ಲೆಕ್ಕಕ್ಕೇ ಬರಬಾರದು. ಆದರೆ ಹದಿನೈದು ವರ್ಷ ಮುಗಿದ ಹಳೆಯ ಖಾತೆ ಇರುವವರ ಕಥೆಯೇ ಬೇರೆ. ಅದನ್ನು ಹೊಸ ಕಂತು ಕಟ್ಟದೆ ಮುಂದುವರಿಸಿದರೆ ಬಡ್ಡಿ ಬರುತ್ತಲೇ ಇರುತ್ತದೆ, ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು. ಇಂಥ ಖಾತೆಯನ್ನು ‘ಮೆಚೂರ್ ಆಯಿತು’ ಎಂದು ಮುಚ್ಚಿ ಎಫ್‌ಡಿಗೆ ಹಾಕುವುದು 30% ಸ್ಲ್ಯಾಬಿನವರು ಮಾಡುವ ದುಬಾರಿ ತಪ್ಪು. ಮುಚ್ಚಿದ ಖಾತೆಗೆ ಅಷ್ಟೂ ದುಡ್ಡನ್ನು ಮತ್ತೆ ತುಂಬಲು ಆಗುವುದಿಲ್ಲ, ವರ್ಷಕ್ಕೆ ಒಂದೂವರೆ ಲಕ್ಷವೇ ಮಿತಿ.

ಒಂದೂವರೆ ಲಕ್ಷ ತುಂಬಿದ ಮೇಲೆ: ತೆರಿಗೆರಹಿತ ಬಾಂಡ್

ಎನ್‌ಎಚ್‌ಎಐ, ಐಆರ್‌ಎಫ್‌ಸಿ, ಆರ್‌ಇಸಿ, ಹುಡ್ಕೊ ಮುಂತಾದ ಸರ್ಕಾರಿ ಸಂಸ್ಥೆಗಳು 2015-16ರವರೆಗೆ ಬಿಟ್ಟ ತೆರಿಗೆರಹಿತ ಬಾಂಡ್‌ಗಳು ಈಗ ಷೇರುಪೇಟೆಯಲ್ಲಿ ಮಾತ್ರ, ಡಿಮ್ಯಾಟ್ ಖಾತೆ ಮೂಲಕ ಸಿಗುತ್ತವೆ. ಇಲ್ಲಿ ಕಣ್ಣು ಕುಕ್ಕುವುದು ಹೆಸರಿನಲ್ಲಿರುವ ಕೂಪನ್ ದರ, ಅಂದರೆ ಮುಖಬೆಲೆಯ ಮೇಲೆ ಕೊಡುವ ಬಡ್ಡಿ ದರ.

1,000 ರೂಪಾಯಿ ಮುಖಬೆಲೆ, 8% ಕೂಪನ್, ಇನ್ನು ಆರು ವರ್ಷ ಬಾಕಿ ಇರುವ ಬಾಂಡನ್ನು 1,150ಕ್ಕೆ ಕೊಂಡಿರಿ ಎಂದುಕೊಳ್ಳಿ. ವರ್ಷಕ್ಕೆ 80 ರೂಪಾಯಿ ಬಡ್ಡಿ. 80ನ್ನು 1,150ರಿಂದ ಭಾಗಿಸಿ ‘6.96%, ತೆರಿಗೆಯೂ ಇಲ್ಲ’ ಎಂದು ಖುಷಿಪಡುವಂತಿಲ್ಲ, ಯಾಕೆಂದರೆ ಕೊನೆಗೆ ವಾಪಸ್ ಬರುವುದು 1,000 ಮಾತ್ರ. ಹೋಗುವ 150ನ್ನೂ ಸೇರಿಸಿ ನೋಡಬೇಕು:

```
=RATE(6,80,-1150,1000)
```

ಉತ್ತರ ಸುಮಾರು 5.04%. ಈಗ ಪಟ್ಟಿಗೆ ಹಿಂತಿರುಗಿ. 31.2% ಕಟ್ಟುವವರಿಗೆ ಎಫ್‌ಡಿ ಕೊಡುವುದು 4.58%, ಅವರಿಗೆ ಈ ಬಾಂಡ್ ಮೇಲು. 20.8% ಕಟ್ಟುವ ನಮ್ಮ ಉದ್ಯೋಗಿಗೆ ಎಫ್‌ಡಿಯ 5.27%ವೇ ಹೆಚ್ಚು. ಒಂದೇ ಬಾಂಡ್, ಒಂದೇ ಬೆಲೆ, ಇಬ್ಬರಿಗೆ ಎರಡು ಉತ್ತರ. ಕೊಳ್ಳುವಾಗ ಬ್ರೋಕರೇಜನ್ನೂ ಬೆಲೆಗೆ ಸೇರಿಸಿ. ದಿನಕ್ಕೆ ಬೆರಳೆಣಿಕೆಯ ಬಾಂಡ್‌ಗಳು ಕೈಬದಲಾಗುವ ಸರಣಿಗಳೂ ಇವೆ; ನಡುವೆ ಮಾರಲು ಹೋದರೆ ಸಿಗುವ ಬೆಲೆ ಪರದೆಯ ಮೇಲೆ ಕಂಡ ಬೆಲೆ ಆಗಿರಲಿಕ್ಕಿಲ್ಲ. ಲಾಭಕ್ಕೆ ಮಾರಿದರೆ ಆ ಲಾಭಕ್ಕೆ ತೆರಿಗೆ ಇದೆ. ತೆರಿಗೆರಹಿತವಾಗಿರುವುದು ಬಡ್ಡಿ ಮಾತ್ರ.

ಇಬ್ಬರಿಗೆ ಪ್ರತ್ಯೇಕ ಮಾತು

ಹಿರಿಯ ನಾಗರಿಕರಲ್ಲಿ ಒಟ್ಟು ಆದಾಯ 12 ಲಕ್ಷದ ಒಳಗಿರುವವರಿಗೆ ಹೊಸ ಪದ್ಧತಿಯಲ್ಲಿ ಎಫ್‌ಡಿಯೇ ತೆರಿಗೆರಹಿತ. ಮೇಲೆ ಅರ್ಧ ಪರ್ಸೆಂಟು ಹೆಚ್ಚಿನ ದರವೂ ಹಲವು ಬ್ಯಾಂಕುಗಳಲ್ಲಿ ಸಿಗುತ್ತದೆ. ವರ್ಷದ ಆರಂಭದಲ್ಲೇ ಫಾರ್ಮ್ 15ಎಚ್ ಕೊಟ್ಟರೆ ಟಿಡಿಎಸ್ ಕೂಡ ಹಿಡಿಯುವುದಿಲ್ಲ. ಹಳೆಯ ಪದ್ಧತಿಯಲ್ಲಿ ಉಳಿದವರಿಗೆ 80ಟಿಟಿಬಿ ಅಡಿ ಮೊದಲ 50,000 ರೂಪಾಯಿ ಬಡ್ಡಿಗೆ ರಿಯಾಯಿತಿ. ಅಷ್ಟರ ಮಟ್ಟಿಗೆ ಸೊನ್ನೆ ತೆರಿಗೆಯ ಸಾಲು, ಅದರಾಚೆಯ ಬಡ್ಡಿಗೆ ಅವರ ಸ್ಲ್ಯಾಬಿನ ಸಾಲು ನೋಡಬೇಕು.

ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳಿಗೆ 87ಎ ರಿಬೇಟ್ ಇಲ್ಲ, ಹೊಸ ಪಿಪಿಎಫ್ ಖಾತೆಯನ್ನೂ ತೆರೆಯುವಂತಿಲ್ಲ. ಅವರ ತೆರಿಗೆರಹಿತ ದಾರಿ ವಿದೇಶದ ಗಳಿಕೆಯನ್ನು ಇಡುವ ಎನ್‌ಆರ್‌ಇ ಠೇವಣಿ. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಭಾರತದಲ್ಲಿ ಬರುವ ಆದಾಯವನ್ನು ಇಡುವ ಎನ್‌ಆರ್‌ಒ ಠೇವಣಿಯ ಬಡ್ಡಿಗೆ ಮಾತ್ರ ಮೊದಲ ರೂಪಾಯಿಯಿಂದಲೇ 30% ಟಿಡಿಎಸ್, ಸೆಸ್ ಬೇರೆ. ಆದರೆ ಅಮೆರಿಕದಲ್ಲಿರುವವರು ಎನ್‌ಆರ್‌ಇ ಬಡ್ಡಿಯನ್ನು ಅಲ್ಲಿನ ರಿಟರ್ನ್‌ನಲ್ಲಿ ತೋರಿಸಿ ಅಲ್ಲಿ ತೆರಿಗೆ ಕಟ್ಟಬೇಕು. ಹಾಗಾಗಿ ಅವರು ಮೇಲಿನ ಸೂತ್ರದಲ್ಲಿ 20.8%ದ ಜಾಗಕ್ಕೆ ಅಲ್ಲಿನ ತಮ್ಮ ಕೊನೆಯ ಮೆಟ್ಟಿಲಿನ ದರವನ್ನು ಹಾಕಬೇಕು.